ಒಂದು ಬುಟ್ಟಿಯ ಜಾಗ

ಮಣಿಪಾಲದ ಆ ಖಾಸಗಿ ವಿದ್ಯಾಸಂಸ್ಥೆಯಲ್ಲಿ ಎಂಥೆಂಥ ದೊಡ್ಡ ಪ್ರಾಧ್ಯಾಪಕರಿದ್ದಾರೋ ಲೆಕ್ಕವಿಲ್ಲ. ಆದರೆ ಹೊರಗಿನವರ ಹತ್ತಿರ ಹಣ ಕೇಳುವ ಅರ್ಜಿ ಯಾರದ್ದೇ ಇರಲಿ, ಅದು ಸಂಶೋಧನಾ ಕಚೇರಿಯ ಆನ್ಸಿಲ್ಲಾ ಅವರ ಮೇಜು ದಾಟದೆ ಗೇಟು ದಾಟುವಂತಿಲ್ಲ. ಆನ್ಸಿಲ್ಲಾ ಕಲಿತದ್ದು ಬಿ.ಕಾಂ. ಸೇರಿದ್ದು ಟೈಪಿಸ್ಟ್ ಆಗಿ. ಇಪ್ಪತ್ತನಾಲ್ಕು ವರ್ಷ ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲಕ್ಕೆ ಇನ್ನೊಂದು ಬಸ್ಸು ಹಿಡಿದು ಬಂದು, ಈಗ ಆ ಕಚೇರಿಯಲ್ಲಿ ಅರ್ಜಿಗಳ ಖರ್ಚಿನ ಪುಟ ನೋಡುವವರು ಅವರೊಬ್ಬರೇ. ಸಂಶೋಧನೆ ಏನೆಂದು ಅವರು ಓದುವುದಿಲ್ಲ. ನೇರ ಕೊನೆಯ ಎರಡು ಪುಟಕ್ಕೆ ಹೋಗುತ್ತಾರೆ. ಅದನ್ನು ಓದಿ, "ಈ ಜನ ಕೆಲಸ ಮಾಡುವವರು", "ಇವರದ್ದು ಬರೀ ಬಾಯಿ" ಎಂದು ಹೇಳಿಬಿಡುತ್ತಾರೆ. ಹೇಳಿದ್ದು ಸಾಮಾನ್ಯವಾಗಿ ತಪ್ಪುವುದಿಲ್ಲ.

ಅವರದ್ದೊಂದು ಹಠವುಂಟು. ವಿಚಾರಿಸದ ದರವನ್ನು ಬರೆಯುವುದಿಲ್ಲ. ಹೈದರಾಬಾದಿನಲ್ಲಿ ಸಮ್ಮೇಳನ ಎಂದರೆ ಹೈದರಾಬಾದಿನ ಲಾಡ್ಜಿಗೇ ಫೋನು. "ಒಬ್ಬರಿಗೆ ಮೂರು ರಾತ್ರಿ, ತೆರಿಗೆ ಸೇರಿಸಿ ಹೇಳಿ ಮಾರಾಯ್ರೆ" ಎಂದು ಕಾಪುವಿನ ಕನ್ನಡದಲ್ಲೂ ಹರಕು ಹಿಂದಿಯಲ್ಲೂ ಕೇಳಿ, ಆಮೇಲೆ ಬರೆಯುವುದು. ಒಮ್ಮೆ ಕಪ್ಪೆಗಳ ಮೇಲೆ ಸಂಶೋಧನೆ ಮಾಡುವ ಹುಡುಗನೊಬ್ಬ ಹೆಬ್ರಿಯ ಕಾಡಿನ ಓಡಾಟಕ್ಕೆ ಅಂದಾಜು ಮಾಡಿ ತಂದಿದ್ದ. "ಜಿಗಣೆ ಕಚ್ಚದ ಕಾಲುಚೀಲ ಎಲ್ಲಿ? ಕಪ್ಪೆ ಇರುವ ಜಾಗದಲ್ಲಿ ಜಿಗಣೆ ಇಲ್ವಾ?" ಎಂದು ಕೇಳಿ ಅವನ ಮಾನ ಕಳೆದಿದ್ದರು. ಬೈಸಿಕೊಂಡು ಹೋದವರು ಬಾಗಿಲಾಚೆ ಗೊಣಗುತ್ತಾರೆ. ಹಣ ಮಂಜೂರಾದ ಮೇಲೆ ಅದೇ ಬಾಗಿಲಿಗೆ ಸಿಹಿ ತಿಂಡಿ ತರುತ್ತಾರೆ.

ಫೆಬ್ರವರಿಯ ಒಂದು ಗುರುವಾರ ಸೌಮ್ಯಶ್ರೀ ಆ ಮೇಜಿನ ಮುಂದೆ ಬಂದು ನಿಂತಳು. ಕಾಪುವಿನವಳು, ಮೀನುಗಾರರ ಮನೆಯ ಹುಡುಗಿ. ತಾಯಿ ಸ್ವರ್ಣಲತಾ ಮಲ್ಪೆ ಬಂದರಿನ ಏಲಂನಲ್ಲಿ ಮೀನು ಕೊಂಡು ಕಾರ್ಕಳದಲ್ಲಿ ಮಾರುವವರು. ತಾಯಿಯಂತೆ ಮೀನು ಹೊತ್ತು ಒಳನಾಡಿಗೆ ಹೋಗುವ ಹೆಂಗಸರ ಬದುಕಿನ ಮೇಲೆಯೇ ಸೌಮ್ಯಶ್ರೀಯ ಪಿಎಚ್.ಡಿ. ಸೇರಿ ಒಂದು ವರ್ಷವಾಗಿತ್ತು, ಕೈಗೆ ಒಂದು ಪೈಸೆ ವೇತನವಿಲ್ಲ. ಬೆಂಗಳೂರಿನ ಒಂದು ಟ್ರಸ್ಟು ಮೂರು ವರ್ಷದ ಫೆಲೋಶಿಪ್ ಕೊಡುತ್ತಿತ್ತು. ಅದಕ್ಕೆ ಅರ್ಜಿ ಸೋಮವಾರ ಸಂಜೆ ಐದರೊಳಗೆ ಹೋಗಬೇಕು.

"ಇದು ಸಿಗದಿದ್ದರೆ?" ಆನ್ಸಿಲ್ಲಾ ಕನ್ನಡಕ ಒರೆಸುತ್ತ ಕೇಳಿದರು. ಎಲ್ಲರ ಹತ್ತಿರವೂ ಕೇಳುವ ಪ್ರಶ್ನೆ ಅದು.

"ಕಾರ್ಕಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸ ಉಂಟು ಮೇಡಂ. ಜೂನ್ ಒಂದಕ್ಕೆ ಸೇರಬೇಕು. ಸೇರಿದರೆ ಇಲ್ಲಿ ಪೂರ್ಣಾವಧಿ ಸೀಟು ಬಿಡಬೇಕಾಗ್ತದೆ."

"ಬಿಡ್ತೀಯಾ?"

"ಅಮ್ಮನಿಗೆ ಮೊಣಕಾಲು ನೋವು ಮೇಡಂ. ಇನ್ನೆಷ್ಟು ವರ್ಷ ಅಂತ ಅವರೇ ನನ್ನನ್ನು ಸಾಕುವುದು?"

ಆನ್ಸಿಲ್ಲಾ ಕೊನೆಯ ಪುಟ ತಿರುಗಿಸಿದರು. ಮಾಸಿಕ ವೇತನದ ಸಾಲಿಗೆ ತಕರಾರಿಲ್ಲ, ಅದು ಟ್ರಸ್ಟೇ ಗೊತ್ತು ಮಾಡಿದ್ದು: ಮೊದಲ ಎರಡು ವರ್ಷ ತಿಂಗಳಿಗೆ ಮೂವತ್ತೈದು ಸಾವಿರ, ಮೂರನೆಯ ವರ್ಷ ಮೂವತ್ತೆಂಟು. ಒಟ್ಟು ಹನ್ನೆರಡು ಲಕ್ಷದ ತೊಂಬತ್ತಾರು ಸಾವಿರ. ಸಾದಿಲ್ವಾರು ಖರ್ಚಿಗೆ, ಎಂದರೆ ಪುಸ್ತಕ, ಮುದ್ರಣ, ಸಂದರ್ಶನಗಳನ್ನು ಬರಹಕ್ಕಿಳಿಸುವ ಕೂಲಿಗೆ, ವರ್ಷಕ್ಕೆ ಮೂವತ್ತು ಸಾವಿರದವರೆಗೆ ಕೇಳಬಹುದು. ಹುಡುಗಿ ಮೊದಲ ವರ್ಷದ ಮೂವತ್ತು ಸಾವಿರವನ್ನೂ ಒಂದು ಲ್ಯಾಪ್‌ಟಾಪಿಗೆ ಬರೆದಿದ್ದಳು.

"ಲ್ಯಾಪ್‌ಟಾಪ್ ಉಪಕರಣ. ಈ ತಲೆಬರಹದ ಕೆಳಗೆ ಅದು ಬರುವುದಿಲ್ಲ. ನಿಯಮ ಓದ್ಲಿಲ್ವಾ?" ಎಂದು ಕೆಂಪು ಪೆನ್ನಿನಿಂದ ಹೊಡೆದು ಹಾಕಿದರು. "ಮೊದಲ ವರ್ಷ ಪುಸ್ತಕ, ಎರಡನೇ ವರ್ಷ ಬರಹಕ್ಕಿಳಿಸುವುದು, ಮೂರನೇ ವರ್ಷ ಪ್ರಬಂಧದ ಮುದ್ರಣ. ಒಂದೊಂದು ವರ್ಷದ್ದು ಅದೇ ವರ್ಷ ಮುಗಿಯಬೇಕು, ಉಳಿದದ್ದು ಮುಂದಿನ ವರ್ಷಕ್ಕೆ ಬರುವುದಿಲ್ಲ."

ಆಮೇಲೆ ಕೆಳಗಿನ ಎರಡು ಸಾಲು. ಸಮ್ಮೇಳನಕ್ಕೆ ಎರಡೂವರೆ ಲಕ್ಷ, ಲಿಸ್ಬನ್ ಎಂಬ ಊರಿಗೆ. ಕ್ಷೇತ್ರಕಾರ್ಯದ ಪ್ರಯಾಣಕ್ಕೆ ನೂರಿಪ್ಪತ್ತು ದಿನಕ್ಕೆ ಒಟ್ಟು ಒಂಬತ್ತು ಸಾವಿರದ ಆರುನೂರು. ಎಲ್ಲ ಸೇರಿ ಹದಿನಾರು ಲಕ್ಷದ ನಲವತ್ತೈದು ಸಾವಿರದ ಆರುನೂರು. ಟ್ರಸ್ಟಿನ ಮಿತಿ ಹದಿನಾರೂವರೆ ಲಕ್ಷ.

ಆನ್ಸಿಲ್ಲಾ ಹಣೆ ಹಣೆ ಚಚ್ಚಿಕೊಂಡರು. "ಯೇಸುವೇ! ಮೀನಿನ ಹೆಂಗಸರ ಬಗ್ಗೆ ಬರೆಯುವವಳು ಮೀನಿನ ಹೆಂಗಸರ ಹತ್ತಿರ ಹೋಗಲಿಕ್ಕೆ ದಿನಕ್ಕೆ ಎಂಬತ್ತು ರೂಪಾಯಿ! ಇದು ಎಂಥ ಎಂಬತ್ತು?"

"ಹಿಂದೆ ಬರುವ ಬಸ್ಸಿನ ಟಿಕೆಟ್ಟು ಮೇಡಂ. ಹೋಗುವಾಗ ಅಮ್ಮ ಹೋಗುವ ಮೀನಿನ ಟೆಂಪೋದಲ್ಲೇ ಹೋಗುವುದು. ಅದಕ್ಕೆ ಖರ್ಚಿಲ್ಲ. ಕಳೆದ ಡಿಸೆಂಬರಿನಲ್ಲಿ ಪೂರ್ವಭಾವಿ ಅಧ್ಯಯನಕ್ಕೂ ಹಾಗೇ ಹೋದದ್ದು, ಇಪ್ಪತ್ತೆರಡು ದಿನ. ಟೆಂಪೋ ಓಡಿಸುವ ವಿಶಾಲಣ್ಣ ಒಂದು ರೂಪಾಯಿ ತೆಗೊಳ್ಳಲಿಲ್ಲ."

"ಯಾವ ಟೆಂಪೋದವನೂ ಸೊನ್ನೆ ರೂಪಾಯಿಗೆ ಓಡಿಸುವುದಿಲ್ಲ ಮಗಾ. ಸೊನ್ನೆ ಅಂತ ಬರೆದ ಕಡೆ ಯಾರೋ ಒಬ್ಬರು ಕೊಟ್ಟಿರ್ತಾರೆ" ಎಂದರು ಆನ್ಸಿಲ್ಲಾ. "ಶನಿವಾರ ನನಗೆ ರಜೆ. ನಿಮ್ಮ ಟೆಂಪೋ ಎಷ್ಟು ಹೊತ್ತಿಗೆ ಹೊರಡುವುದು?"

ಹುಡುಗಿ ತಬ್ಬಿಬ್ಬಾದಳು. ಐವತ್ತಮೂರು ವರ್ಷದ ಕಚೇರಿಯ ಮೇಡಂ ಒಬ್ಬರು ಮೀನಿನ ಟೆಂಪೋ ಹತ್ತುವುದೆಂದರೇನು! ಆದರೆ ಆನ್ಸಿಲ್ಲಾಗೆ ಅದೇನೂ ವಿಶೇಷವಲ್ಲ. ಫೋನಿನಲ್ಲಿ ದರ ಸಿಗದ ಕಡೆಗೆ ಕಾಲು ಹೋಗಬೇಕು, ಅಷ್ಟೇ.

ಶನಿವಾರ ಬೆಳಗಿನ ಜಾವ ಕಾಪುವಿನ ಹೆದ್ದಾರಿ ಬದಿಯಲ್ಲಿ ಟೆಂಪೋ ನಿಂತಿತ್ತು. ಮುಂದೆ ಎರಡು ಸಾಲು ಸೀಟು, ಹಿಂದೆಲ್ಲ ಬುಟ್ಟಿಗೆ. ಆರು ಮಂದಿ ಹೆಂಗಸರು, ಒಬ್ಬೊಬ್ಬರದ್ದು ಮೂರು ಮೂರು ಖಾಲಿ ಬುಟ್ಟಿ. ಓಡಿಸುವವನೂ ಟೆಂಪೋದ ಧಣಿಯೂ ವಿಶಾಲನೇ. ಆನ್ಸಿಲ್ಲಾರನ್ನು ಅವನು ತನ್ನ ಪಕ್ಕದ ಸೀಟಿಗೆ ಹತ್ತಿಸಿಕೊಂಡ. ಸೌಮ್ಯಶ್ರೀ ಎಂದಿನಂತೆ ಹಿಂದೆ, ತಾಯಿಯ ಸೀಟಿನ ಹಿಂಬದಿಯ ಜಾಗದಲ್ಲಿ ಕಾಲು ಮಡಚಿ ಕೂತಳು.

"ಬಾಯಮ್ಮ, ಸೀರೆ ವಾಸನೆ ಹೊಡೀತದೆ, ನೋಡಿ ಮತ್ತೆ!" ಎಂದು ಸ್ವರ್ಣಲತಾ, ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಕರೆದು, ಹಿಂದಿನಿಂದ ನಕ್ಕರು.

"ನಾನು ಕಾಪುವಿನಲ್ಲೇ ಹುಟ್ಟಿದ್ದು ಸ್ವರ್ಣಕ್ಕ. ಮೀನಿನ ವಾಸನೆ ಇಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ" ಎಂದರು ಆನ್ಸಿಲ್ಲಾ. ಟೆಂಪೋ ಮಲ್ಪೆ ಮುಟ್ಟುವವರೆಗೂ ಈ ತಮಾಷೆ ನಡೆಯಿತು.

ಬಂದರಿನಲ್ಲಿ ಏಲಂ ಕೂಗುವ ಗಲಾಟೆ. ಸ್ವರ್ಣಲತಾ ಬಂಗುಡೆ ಮೀನು ಎರಡು ಬುಟ್ಟಿ ಕೊಂಡರು. ಉಳಿದ ಐವರು ಮೂರು ಮೂರು ತುಂಬಿಸಿದರು. ಬಂಗುಡೆ ಅಂದು ಅಗ್ಗವಾಗಿತ್ತು, ಮೂರಲ್ಲ, ನಾಲ್ಕು ಹಿಡಿದರೂ ಕಾರ್ಕಳದಲ್ಲಿ ಹತ್ತು ಗಂಟೆಯೊಳಗೆ ಖಾಲಿ. ಆದರೂ ಸ್ವರ್ಣಲತಾ ಮೂರನೆಯ ಬುಟ್ಟಿಯನ್ನು ಖಾಲಿಯಾಗಿಯೇ ಇನ್ನೊಂದರ ಮೇಲೆ ಕವುಚಿ ಇಟ್ಟರು. ಸೌಮ್ಯಶ್ರೀ ಆಗ ಪಕ್ಕದ ಹೆಂಗಸಿನ ಜೊತೆ ಏಲಂನ ದರ ಬರೆದುಕೊಳ್ಳುತ್ತಿದ್ದಳು, ತಾಯಿಯ ಬುಟ್ಟಿಯ ಕಡೆಗೆ ಅವಳ ಕಣ್ಣಿರಲಿಲ್ಲ. ಆನ್ಸಿಲ್ಲಾರ ಕಣ್ಣು ಅಲ್ಲೇ ಇತ್ತು.

ಟೆಂಪೋ ಹಿರಿಯಡ್ಕ ದಾಟಿದ ಮೇಲೆ ಅವರು ಮೆಲ್ಲನೆ ಬಾಯಿಬಿಟ್ಟರು. "ವಿಶಾಲ್, ತಲೆಗೆ ಎಷ್ಟು ಬಾಡಿಗೆ?"

"ತಲೆಗೆ ಇಲ್ಲ ಬಾಯಮ್ಮ. ಬುಟ್ಟಿಗೆ. ಒಂದು ಬುಟ್ಟಿಯ ಜಾಗಕ್ಕೆ ನೂರು ರೂಪಾಯಿ. ಬುಟ್ಟಿ ತಂದವರಿಗೆ ಸೀಟು ಫ್ರೀ."

"ಬುಟ್ಟಿ ಇಲ್ಲದವರು ಬಂದರೆ?"

ವಿಶಾಲ್ ಕನ್ನಡಿಯಲ್ಲಿ ಹಿಂದೆ ನೋಡಿದ. ಹೆಂಗಸರು ತಮ್ಮ ತಮ್ಮ ಮಾತಿನಲ್ಲಿದ್ದರು. ದನಿ ಇಳಿಸಿ ಹೇಳಿದ: "ಅವರು ಒಂದು ಬುಟ್ಟಿಯ ಜಾಗದಲ್ಲಿ ಕೂರುವುದಲ್ವಾ? ಸೌಮ್ಯ ಬರುವ ದಿನ ಸ್ವರ್ಣಕ್ಕ ಒಂದು ಬುಟ್ಟಿ ಕಡಿಮೆ ಹಾಕ್ತಾರೆ. ಆ ಜಾಗದ ನೂರು ಅವರೇ ಕೊಡ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಮಗಳಿಗೆ ಹೇಳಬೇಡ ಅಂತ ಮಾತು ತೆಗೊಂಡಿದ್ದಾರೆ."

"ಒಂದು ಬುಟ್ಟಿಯಲ್ಲಿ ಎಷ್ಟು ಉಳೀತದೆ?"

"ಕಡಿಮೆ ಅಂದರೂ ಐನೂರು."

ಆನ್ಸಿಲ್ಲಾಗೆ ಲೆಕ್ಕ ಮಾಡಲು ಕಾಗದ ಬೇಕಿರಲಿಲ್ಲ. ದಿನಕ್ಕೆ ಆರುನೂರು, ಇಪ್ಪತ್ತೆರಡು ದಿನ, ಹದಿಮೂರು ಸಾವಿರದ ಇನ್ನೂರು. ಮೊಣಕಾಲು ನೋವಿನ ಆ ಹೆಂಗಸು ತನ್ನ ಹೊಟ್ಟೆಪಾಡಿನಿಂದ ತೆಗೆದು ಕೊಟ್ಟದ್ದು. ಮುಂದಿನ ನೂರಿಪ್ಪತ್ತು ದಿನಕ್ಕೆ ಎಪ್ಪತ್ತೆರಡು ಸಾವಿರ ಕೊಡಲಿಕ್ಕೂ ಬಾಯಿಬಿಡದೆ ತಯಾರಾಗಿ ಕೂತದ್ದು. ಕಾರ್ಕಳ ಬರುವವರೆಗೆ ಆನ್ಸಿಲ್ಲಾ ರಸ್ತೆ ನೋಡುತ್ತ ಕೂತರು.

ಮಾರುಕಟ್ಟೆಯಲ್ಲಿ ಸ್ವರ್ಣಲತಾ ಬುಟ್ಟಿ ಇಳಿಸಿ ಕೂತ ಮೇಲೆ, ಆನ್ಸಿಲ್ಲಾ ಮಗಳನ್ನು ಎದುರಿಗಿಟ್ಟುಕೊಂಡೇ ವಿಷಯ ತೆಗೆದರು. ಮುಚ್ಚುಮರೆ ಅವರ ಜಾಯಮಾನವೇ ಅಲ್ಲ. ಸೌಮ್ಯಶ್ರೀ ಮೊದಲು ನಂಬಲಿಲ್ಲ. ಆಮೇಲೆ ಕವುಚಿ ಹಾಕಿದ ಬುಟ್ಟಿ ನೋಡಿದಳು. ಅಲ್ಲೇ, ಮೀನಿನ ನೀರು ಹರಿಯುವ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟಳು.

"ನಾನು ಮೀನು ಮಾರುವ ಹೆಂಗಸರ ನಷ್ಟದ ಬಗ್ಗೆ ಬರೀತೇನೆ ಅಂತ ಹೊರಟವಳು ಮೇಡಂ. ನಾನೇ ಒಂದು ನಷ್ಟ ಅಂತ ಗೊತ್ತಾಗ್ಲಿಲ್ಲ."

"ಎಂತ ಅಳುವುದು? ಹುಚ್ಚು ಹುಡುಗಿ!" ಸ್ವರ್ಣಲತಾ ಒಬ್ಬ ಗಿರಾಕಿಗೆ ಬಂಗುಡೆ ಎಣಿಸುತ್ತಲೇ ಗದರಿದರು. "ನನ್ನ ಬುಟ್ಟಿ, ನನ್ನ ಮಗಳು. ನಿಮಗೆಲ್ಲ ಎಂತ ಅದರಲ್ಲಿ? ಬಾಯಮ್ಮ, ನೀವು ಇದನ್ನು ಕಾಗದದಲ್ಲಿ ಬರೆಯಬೇಡಿ."

"ಬರೀತೇನೆ ಸ್ವರ್ಣಕ್ಕ. ಬರೆಯದಿದ್ದರೆ ಅದು ಸುಳ್ಳು ಲೆಕ್ಕ. ಸುಳ್ಳು ಲೆಕ್ಕ ನನ್ನ ಮೇಜಿನಿಂದ ಹೋಗುವುದಿಲ್ಲ" ಎಂದರು ಆನ್ಸಿಲ್ಲಾ.

ಸೋಮವಾರ ಬೆಳಿಗ್ಗೆ ಸೌಮ್ಯಶ್ರೀಯ ಮಾರ್ಗದರ್ಶಕ ಲೀಲಾಧರ ಸರ್ ಜೊತೆ ಆನ್ಸಿಲ್ಲಾರ ಜಟಾಪಟಿ. ಒಳ್ಳೆಯ ಮನುಷ್ಯ, ವಿದ್ಯಾರ್ಥಿಗಳಿಗಾಗಿ ಓಡಾಡುವವರು. ಲಿಸ್ಬನ್ನಿನ ಸಾಲು ಬರೆಸಿದ್ದು ಅವರೇ. ಹೊಸ ಪುಟ ನೋಡಿ ಅವರ ಹುಬ್ಬು ಮೇಲೇರಿತು. ಕ್ಷೇತ್ರಕಾರ್ಯ ಒಂದು ಲಕ್ಷದ ಎಂಟು ಸಾವಿರ. ಸಮ್ಮೇಳನ ಹೈದರಾಬಾದು ಮತ್ತು ಕೊಚ್ಚಿ, ತಲಾ ಇಪ್ಪತ್ತೆರಡು ಸಾವಿರದಂತೆ ನಲವತ್ತನಾಲ್ಕು.

"ಮೇಡಂ, ಮನೆ ಬಾಗಿಲಿನ ಊರಿಗೆ ಹೋಗಲಿಕ್ಕೆ ಲಕ್ಷ ಕೇಳಿದರೆ ನಗ್ತಾರೆ! ವಿದೇಶದ ಸಮ್ಮೇಳನ ಇದ್ದರೆ ಅರ್ಜಿಗೆ ಒಂದು ತೂಕ."

"ಸರ್, ಲಿಸ್ಬನ್ನಿನಲ್ಲಿ ಓದಲಿಕ್ಕೆ ಇವಳ ಹತ್ತಿರ ಈಗ ಒಂದು ಪುಟವೂ ಇಲ್ಲ. ಪ್ರಬಂಧ ಸ್ವೀಕಾರ ಆಗಲಿ, ಆಗ ಪ್ರಯಾಣದ ಅನುದಾನ ಕೊಡುವವರು ಬೇರೆ ಇದ್ದಾರೆ, ನಾನೇ ಅರ್ಜಿ ಹಾಕಿಸ್ತೇನೆ. ಕ್ಷೇತ್ರಕ್ಕೆ ಬೇರೆ ಯಾರೂ ಕೊಡುವುದಿಲ್ಲ. ಈ ದಿನಕ್ಕೆ ಒಂಬೈನೂರು ನೋಡಿ. ಬುಟ್ಟಿಯ ಜಾಗಕ್ಕೆ ನೂರು, ಟೆಂಪೋದವನ ರಸೀದಿ ಪಡೆದು. ಬುಟ್ಟಿ ಬಿಟ್ಟುಕೊಡುವ ಹೆಂಗಸಿಗೆ ಪರಿಹಾರ ಐನೂರು, ಅವಳ ಸಹಿ ಪಡೆದು. ಅದಕ್ಕೆ ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ ಒಪ್ಪಿಗೆ ಬೇಕು, ನೀವು ತೆಗೆದುಕೊಡಬೇಕು. ಹಿಂದೆ ಬರುವ ಬಸ್ಸು ಮತ್ತು ಆಟೋ ಸೇರಿ ನೂರು, ಊಟ ತಿಂಡಿಗೆ ಇನ್ನೂರು. ಇದರಲ್ಲಿ ಯಾವುದನ್ನು ಹೊಡೆದು ಹಾಕುವುದು? ನೀವೇ ಹೇಳಿ."

ಲೀಲಾಧರ ಸರ್ ಬೆರಳಿಟ್ಟು ಓದಿದರು. ಹೊಡೆದು ಹಾಕಲು ಏನೂ ಸಿಗಲಿಲ್ಲ. "ಆದರೆ ಆ ಪರಿಹಾರ ಅವಳ ತಾಯಿಗೇ ಹೋದ ಹಾಗೆ ಆಗ್ತದಲ್ಲ?"

"ಆಗುವುದಿಲ್ಲ. ಸಂಬಂಧಿಕರಿಗೆ ಕೊಡುವಂತಿಲ್ಲ. ಅದಕ್ಕೇ ತಾಯಿ ಹೋಗುವ ಟೆಂಪೋವನ್ನು ಅಧ್ಯಯನದಿಂದಲೇ ತೆಗೆದಿದ್ದೇವೆ. ಬೇರೆ ಮೂರು ಟೆಂಪೋ, ಎರಡು ಕಾರ್ಕಳದ್ದು, ಒಂದು ಹೆಬ್ರಿಯದ್ದು."

ಒಟ್ಟು ಹದಿನೈದು ಲಕ್ಷದ ಮೂವತ್ತೆಂಟು ಸಾವಿರ. ಮಿತಿಗಿಂತ ಒಂದು ಲಕ್ಷದ ಹನ್ನೆರಡು ಸಾವಿರ ಕಡಿಮೆ. ಅದನ್ನಾದರೂ ಏನಾದರೂ ಹಾಕಿ ತುಂಬಿಸೋಣ ಎಂದರು ಸರ್. "ಬೇಲಿ ಇದೆ ಅಂತ ಬೇಲಿವರೆಗೂ ಮೇಯಬೇಕಾ ಸರ್?" ಎಂದು ಆನ್ಸಿಲ್ಲಾ ಕೇಳಿದ್ದಕ್ಕೆ ಅವರು ಸೋತು ನಕ್ಕು ಸಹಿ ಹಾಕಿದರು.

ಇನ್ನೊಂದು ಸಾಲು ಉಳಿದಿತ್ತು. ಅರ್ಜಿಯ ಕೊನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ 'ಇಲ್ಲ' ಎಂದು ಬರೆಯುವ ಪ್ರಶ್ನೆ: ಈ ಸಂಶೋಧನೆಗೆ ಈವರೆಗೆ ಬೇರೆ ಮೂಲದಿಂದ ಆರ್ಥಿಕ ನೆರವು ಸಿಕ್ಕಿದೆಯೇ? ಸೌಮ್ಯಶ್ರೀಯೂ 'ಇಲ್ಲ' ಎಂದೇ ಬರೆದಿದ್ದಳು. ಆನ್ಸಿಲ್ಲಾ ಅದನ್ನು ಅಳಿಸಿ ಕೀಲಿಮಣೆಯನ್ನು ಹುಡುಗಿಯ ಕಡೆ ತಳ್ಳಿದರು.

"ಈ ಹಣ ವಾಪಸ್ ಸಿಗುವುದಿಲ್ಲ, ತಿಳಿದುಕೋ. ಮಂಜೂರಾತಿಗೆ ಮುಂಚಿನ ಖರ್ಚು ಯಾರೂ ಕೊಡುವುದಿಲ್ಲ. ಆದರೆ ಬಂದ ನೆರವು ಬಂದಿದೆ ಅಂತ ಹೇಳಬೇಕು."

ಸೌಮ್ಯಶ್ರೀ ಟೈಪ್ ಮಾಡಿದಳು: ಹೌದು. ಪೂರ್ವಭಾವಿ ಕ್ಷೇತ್ರಕಾರ್ಯ, ಇಪ್ಪತ್ತೆರಡು ದಿನ, ರೂ. 13,200. ನೆರವು ನೀಡಿದವರು: ಸ್ವರ್ಣಲತಾ, ಮೀನು ಮಾರಾಟಗಾರ್ತಿ, ಕಾಪು. ನಾಲ್ಕೂ ನಲವತ್ತಕ್ಕೆ ಅರ್ಜಿ ಹೋಯಿತು.

ಏಪ್ರಿಲ್ ಕೊನೆಗೆ ಸಂದರ್ಶನ, ಕಂಪ್ಯೂಟರಿನ ಮೂಲಕ. ಸಂಶೋಧನಾ ಕಚೇರಿಯ ಒಳಕೋಣೆಯಲ್ಲಿ ಸೌಮ್ಯಶ್ರೀ ಒಬ್ಬಳೇ ಕೂತಿದ್ದಳು. ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಆನ್ಸಿಲ್ಲಾ ಈಚೆ ತಮ್ಮ ಮೇಜಿನಲ್ಲಿ ಯಾವುದೋ ಫೈಲು ಹಿಡಿದುಕೊಂಡು ಒಂದು ಅಕ್ಷರವೂ ಓದದೆ ಕಿವಿ ಅಲ್ಲೇ ಇಟ್ಟಿದ್ದರು.

ವಿಷಯದ ಮೇಲೆ ಹತ್ತು ನಿಮಿಷ. ಆಮೇಲೆ ಒಬ್ಬರು ವಯಸ್ಸಾದ ದನಿಯವರು ಕೇಳಿದರು: "ಈ 'ಬುಟ್ಟಿಯ ಜಾಗದ ಬಾಡಿಗೆ' ಎಂದರೇನು? ಇಂಥ ಖರ್ಚನ್ನು ನಾವು ಹಿಂದೆ ನೋಡಿಲ್ಲ."

ಸೌಮ್ಯಶ್ರೀ ಹೇಳಿದಳು. ಟೆಂಪೋದಲ್ಲಿ ತಲೆಗೆ ಬಾಡಿಗೆ ಇಲ್ಲ, ಬುಟ್ಟಿಗೆ. ಸಂಶೋಧಕಿ ಹತ್ತಿದರೆ ಒಬ್ಬ ಹೆಂಗಸಿನ ಒಂದು ದಿನದ ಸಂಪಾದನೆಯ ಮೂರನೇ ಒಂದು ಭಾಗ ಇಳಿಯುತ್ತದೆ. "ಇದು ನನಗೂ ಗೊತ್ತಿರಲಿಲ್ಲ. ಖರ್ಚಿನ ಅಂದಾಜು ಮಾಡುವಾಗ ನಮ್ಮ ಕಚೇರಿಯ ಆನ್ಸಿಲ್ಲಾ ಮೇಡಂ ಟೆಂಪೋ ಹತ್ತಿ ಬಂದು ಕಂಡುಹಿಡಿದದ್ದು."

"ಮತ್ತೆ ಈ ಸ್ವರ್ಣಲತಾ ಎನ್ನುವವರು? ಯಾವುದಾದರೂ ಸಂಸ್ಥೆಯೇ?"

ಗೋಡೆಯ ಈಚೆ ಆನ್ಸಿಲ್ಲಾ ಫೈಲು ಮುಚ್ಚಿದರು.

"ನನ್ನ ಅಮ್ಮ ಸರ್. ಈ ಸಂಶೋಧನೆಗೆ ಮೊದಲು ಹಣ ಹಾಕಿದವರು ಅವರೇ. ನನಗೆ ಹೇಳದೆ ಹಾಕಿದ್ದರು."

ಮೇ ಹದಿನೆಂಟಕ್ಕೆ ಮಂಜೂರಾತಿ ಪತ್ರ ಬಂತು. ಹದಿನೈದು ಲಕ್ಷದ ಮೂವತ್ತೆಂಟು ಸಾವಿರ, ಒಂದು ರೂಪಾಯಿ ಕತ್ತರಿಸದೆ. ಸೌಮ್ಯಶ್ರೀ ಅದೇ ದಿನ ಕಾರ್ಕಳದ ಕಾಲೇಜಿಗೆ ಬರುವುದಿಲ್ಲ ಎಂದು ಬರೆದಳು. ಲೀಲಾಧರ ಸರ್ ಮೈಸೂರ್‌ಪಾಕ್ ತಂದು ಇಡೀ ಕಚೇರಿಗೆ ಹಂಚಿದರು, "ಬೇಲಿವರೆಗೂ ಮೇಯಲಿಲ್ಲ ನೋಡಿ" ಎಂದು ತಾವೇ ಎಲ್ಲರಿಗೂ ಹೇಳಿಕೊಂಡು ಬಂದರು.

ಮರುದಿನ ಮಧ್ಯಾಹ್ನ ವ್ಯಾಪಾರ ಮುಗಿಸಿ ಸ್ವರ್ಣಲತಾ ಮಗಳ ಜೊತೆ ಮಣಿಪಾಲಕ್ಕೆ ಬಂದರು. ಆ ಕಟ್ಟಡದೊಳಗೆ ಕಾಲಿಟ್ಟದ್ದು ಅದೇ ಮೊದಲು. ಕುರ್ಚಿಯ ಅಂಚಿನಲ್ಲಿ ಕೂತು, "ನನ್ನ ಹೆಸರು ಎಲ್ಲಿ ಬರೆದದ್ದು ಬಾಯಮ್ಮ? ತೋರಿಸಿ" ಎಂದರು.

ಆನ್ಸಿಲ್ಲಾ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಇಂಗ್ಲಿಷಿನಲ್ಲಿತ್ತು, ಆದ್ದರಿಂದ ಕನ್ನಡದಲ್ಲಿ ಓದಿ ಹೇಳಿದರು. ಮೊತ್ತ, ದಿನ, ಹೆಸರು, ಕಸುಬು, ಊರು. ಸ್ವರ್ಣಲತಾ ತಲೆ ತಗ್ಗಿಸಿ ಕೇಳಿದರು. ಮತ್ತೊಮ್ಮೆ ಓದಿ ಎಂದರು. ಆನ್ಸಿಲ್ಲಾ ಮತ್ತೊಮ್ಮೆ ಓದಿದರು.

"ತಪ್ಪುಂಟು" ಎಂದರು ಸ್ವರ್ಣಲತಾ.

ಕಚೇರಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಆನ್ಸಿಲ್ಲಾರ ಲೆಕ್ಕದಲ್ಲಿ ತಪ್ಪು ಎಂದವರು ಯಾರೂ ಇರಲಿಲ್ಲ.

"ಇಪ್ಪತ್ತೆರಡಲ್ಲ, ಇಪ್ಪತ್ತಮೂರು ದಿನ. ಕೊನೆಯ ದಿನ ಇವಳಿಗೆ ಜ್ವರ. ಬರ್ತೇನೆ ಅಂದವಳು ಟೆಂಪೋ ಬಂದ ಮೇಲೆ ಬರುವುದಿಲ್ಲ ಅಂದಳು. ನಾನು ಒಂದು ಬುಟ್ಟಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಆ ಜಾಗ ಖಾಲಿಯೇ ಕಾರ್ಕಳಕ್ಕೆ ಹೋಯಿತು. ನೂರು ರೂಪಾಯಿ ಅದಕ್ಕೂ ಕೊಟ್ಟಿದ್ದೇನೆ."

ಸೌಮ್ಯಶ್ರೀ ತಾಯಿಯ ಕೈ ಹಿಡಿದುಕೊಂಡಳು. ಆನ್ಸಿಲ್ಲಾ ಕೆಂಪು ಪೆನ್ನು ತೆಗೆದು, ಕಚೇರಿಯ ಪ್ರತಿಯಲ್ಲಿ ಇಪ್ಪತ್ತೆರಡನ್ನು ಹೊಡೆದು ಇಪ್ಪತ್ತಮೂರು ಎಂದು ಬರೆದರು. ಮೊತ್ತ ಹದಿಮೂರು ಸಾವಿರದ ಎಂಟುನೂರಾಯಿತು. "ತಿದ್ದುಪಡಿಯ ಪತ್ರ ಇವತ್ತೇ ಟ್ರಸ್ಟಿಗೆ ಹೋಗ್ತದೆ ಸ್ವರ್ಣಕ್ಕ" ಎಂದು ಹೇಳಿ, ಕಂಪ್ಯೂಟರಿನ ಕಡೆ ತಿರುಗಿ ಬರೆಯಲು ಕೂತರು.